ಬ್ಯಾರೆಯಾಕಿ ಸಾಲ ನಾವ್ಯಾಕ ತೀರಿಸಬೇಕು?

ಹ್ವಾದ ವರ್ಷ ಪಂಚಮಿ ಮುಂದ ನಾನು ಶೇಂಗಾ ಉಂಡಿ ಕಟ್ಟಾಕತ್ತಿದ್ದೆ. ನನ್ನ ನೆಗೆಣ್ಣಿ ಬೆಟಗೇರಿಯಿಂದ ಬಂದಾಕಿ ಚಪ್ಪಲಿ ಸೈತ ಬಿಡಲಿಲ್ಲ, ಪಡಸಾಲ್ಯಾಗ ಕುಂತು ಅಳಾಕ ಹತ್ತಿದ್ಲು. ಮಗಳಿಗೆ ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಓದೋ ಸಾಲಕ್ಕ ಬ್ಯಾಂಕಿಗೆ ಅರ್ಜಿ ಹಾಕಿದ್ರು, ತಾಯಿದೂ ಸಹಿ ಬೇಕಾಗಿತ್ತು. ಬ್ಯಾಂಕಿನವ್ರು ಕಂಪ್ಯೂಟರ್ ಈ ಕಡೆ ತಿರುಗಿಸಿ ತೋರಿಸಿ, "ಅಮ್ಮಾರ, ನೀವು ಲಕ್ಷ್ಮೇಶ್ವರದಾಗ ಸಂಘದ ಸಾಲ ತಗೊಂಡು ಕಟ್ಟಿಲ್ಲ, 38 ಸಾವಿರ ಬಾಕಿ ಐತಿ" ಅಂದ್ರಂತ.

ಈಕಿ ಜೀವಮಾನದಾಗ ಲಕ್ಷ್ಮೇಶ್ವರಕ್ಕ ಹೋಗಿದ್ದು ಮೂರು ಸಲ. ಎರಡು ಲಗ್ನಕ್ಕ, ಒಮ್ಮೆ ಸೋಮೇಶ್ವರ ಗುಡಿ ನೋಡಾಕ. ಸಂಘಕ್ಕ ಸೇರಿದಾಕಿನೂ ಅಲ್ಲ.

ಅವತ್ತು ಸಂಜಿಮುಂದ ನಮ್ಮ ಕಟ್ಟಿ ಮ್ಯಾಲ ಇದರದ್ದ ಪಂಚಾಯ್ತಿ. ಒಬ್ಬರು ಹಿರ್‍ಯಾರು ಹೇಳಿದ್ರು, "38 ಸಾವಿರದಾಗ ಏನೈತಿ, ಹತ್ತೋ ಹದಿನೈದೋ ಕೊಟ್ಟು ಸೆಟಲ್ ಮಾಡ್ಕೊಂಡು ಬಿಡ್ರಿ, ಹುಡುಗಿ ಓದು ನಿಲ್ಲಬಾರದು." ನಾಕು ಮಂದಿ ಹೂಂ ಅಂದ್ರು. ನನಗ ಸಿಟ್ಟು ಬಂದದ್ದು ಅಲ್ಲೆ. ಅಲ್ರೀ, ಮಗ್ಗಲ ಮನಿ ಲೈಟ್ ಬಿಲ್ ತಪ್ಪಿ ನಮ್ಮ ಮನಿಗೆ ಬಂದ್ರ ಕಟ್ತೀವೇನು? ಇದಕ್ಕ ಮಾತ್ರ ಯಾಕ ಕಟ್ಟಬೇಕು? ಕಂಪ್ಯೂಟರಿನಾಗ ಬಂದೈತಿ ಅಂತನ?

ಈ "ಕೊಟ್ಟು ಕೈತೊಳಕೊಳ್ರಿ" ಅನ್ನೋ ಮಾತಿನ ವಿರುದ್ಧನ ಇವತ್ತು ಬರ್‍ಯಾಕತ್ತೀನಿ. ಯಾಕಂದ್ರ ಅದು ಬರೇ ರೊಕ್ಕ ಕಳಕೊಳ್ಳೂದಲ್ಲ. ಬ್ಯಾರೆಯಾಕಿ ಸಾಲ ನೀವು ಕಟ್ಟಿದ್ರ, ಆ ಸಾಲ ನಂದ ಹೌದು ಅಂತ ನೀವ ಒಪ್ಪಿದಂಗ. ಕಡಿಮಿ ಕೊಟ್ಟು ಮುಗಿಸಿದ್ರಂತೂ ವರದ್ಯಾಗ "ಸೆಟಲ್ಡ್" ಅಂತ ಬೀಳತೈತಿ. ಪೂರಾ ಕಟ್ಟಿಲ್ಲ, ಕೊಸರಾಡಿ ಮುಗಿಸ್ಯಾರ ಅಂತ ಅದರ ಅರ್ಥ, ಮುಂದ ಸಾಲ ಕೊಡಾವ್ರು ಅದನ್ನೂ ಕಪ್ಪು ಚುಕ್ಕಿ ಅಂತನ ನೋಡ್ತಾರ. ಇನ್ನೂ ಕೆಟ್ಟದ್ದು ಏನಂದ್ರ, ಆಕಿ ದಾಖಲಿ ಈಕಿ ದಾಖಲಿಗೆ ಅಂಟಿಕೊಂಡ ಇರತೈತಿ. ನಾಳೆ ಆಕಿ ಇನ್ನೊಂದು ಸಾಲ ತಗದ್ರ ಅದೂ ಈಕಿ ತಲಿ ಮ್ಯಾಲ.

ಹಂಗಾರ ಅಂಟಿಕೊಂಡದ್ದು ಹೆಂಗ? ದೇಶದಾಗ ಸಾಲದ ಲೆಕ್ಕ ಇಡೋ ಕಂಪನಿ ನಾಕು ಅದಾವ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾವು ಎಲ್ಲಾನೂ "ಸಿಬಿಲ್" ಅಂದು ಬಿಡ್ತೀವಿ, ಖರೇ ಅಂದ್ರ ಅದು ನಾಕರಾಗ ಒಂದರ ಹೆಸರು. ಬ್ಯಾಂಕು, ಫೈನಾನ್ಸು, ಮೈಕ್ರೋ ಫೈನಾನ್ಸು ಎಲ್ಲಾರೂ ಯಾರು ಎಷ್ಟು ತಗೊಂಡ್ರು, ಎಷ್ಟು ಕಟ್ಟಿದ್ರು ಅಂತ ಇವಕ್ಕ ಕಳಸ್ತಾರ. ಕಂಪನಿಯವ್ರು ಹೆಸರು, ಹುಟ್ಟಿದ ತಾರೀಖು, ಪ್ಯಾನ್, ವೋಟರ್ ಕಾರ್ಡ್, ಫೋನ್ ನಂಬರ್, ವಿಳಾಸ ಕೂಡಿಸಿ ನೋಡಿ ಇದು ಇಂಥಾಕಿದು ಅಂತ ಜೋಡಸ್ತಾರ. ಆ ಜೋಡಿಸೂದು ತಪ್ಪತೈತಿ.

ನಮ್ಮ ಕಡಿ ತಪ್ಪಾಕ ದಾರಿ ಭಾಳ. ಒಂದೊಂದು ಓಣ್ಯಾಗ ನಾಕು ಮಂದಿ ಶಾಂತವ್ವ, ಐದು ಮಂದಿ ಗಿರಿಜವ್ವ. ಅಡ್ಡಹೆಸರೂ ಅವ. ಇನ್ನ ಹುಟ್ಟಿದ ತಾರೀಖು ಕೇಳಬ್ಯಾಡ್ರಿ. ನಮ್ಮ ಕಾಲದಾಗ ಸಾಲಿಗೆ ಹೆಸರು ಹಚ್ಚಾಕ ಹೋದ್ರ ಮಾಸ್ತರು ಹುಡುಗೀನ ಒಮ್ಮೆ ನೋಡಿ ಜೂನ್ 1 ಅಂತ ಬರದು ಬಿಡ್ತಿದ್ರು. ನನ್ನದೂ ಜೂನ್ 1, ನನ್ನ ನೆಗೆಣ್ಣಿದೂ ಜೂನ್ 1, ನಮ್ಮ ಓಣ್ಯಾಗ ಅರ್ಧ ಮಂದಿಗೆ ಒಂದ ದಿನ ಹುಟ್ಟಿದ ಹಬ್ಬ. ಹಿಂಗಿದ್ದಾಗ ಲಕ್ಷ್ಮೇಶ್ವರದಾಗ ಅದ ಹೆಸರು, ಅದ ಅಡ್ಡಹೆಸರು, ಅದ ತಾರೀಖಿನ ಇನ್ನೊಬ್ಬಾಕಿ ಇರೂದು ದೊಡ್ಡ ವಿಶೇಷ ಅಲ್ಲ. ಪ್ಯಾನ್ ಕಾರ್ಡ್ ಇದ್ರ ಫರಕು ಗೊತ್ತಾಕ್ಕೈತಿ. ಸಂಘದ ಸಾಲಕ್ಕ ಭಾಳ ಮಂದಿ ಹೆಣ್ಮಕ್ಕಳು ವೋಟರ್ ಕಾರ್ಡ್ ಮ್ಯಾಲೆ ಹೋಗಿರ್ತಾರ.

ಮರುದಿನ ಮೊದಲ ಮಾಡಿದ ಕೆಲಸ, ಆ ವರದಿ ಕೈಯಾಗ ತಗೊಂಡದ್ದು. ಬ್ಯಾಂಕಿನ್ಯಾವ ಪರದೆ ತೋರಿಸಿದ್ರ ಸಾಲೂದಿಲ್ಲ. 2005ರಾಗ ಒಂದು ಕಾಯ್ದೆ ಆಗೈತಿ, ಹೆಸರು "ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆ". ಅದರ 21ನೇ ಕಲಮಿನ ಮೊದಲ ಎರಡು ಉಪಕಲಮು ಏನ ಹೇಳ್ತಾವ ಅಂದ್ರ, ಸಾಲಕ್ಕ ಅರ್ಜಿ ಹಾಕಿದಾಕಿ ಕೇಳಿದ್ರ, ಬ್ಯಾಂಕು ತಾನು ತರಿಸಿಕೊಂಡ ಮಾಹಿತಿಯ ನಕಲು ಆಕಿಗೆ ಕೊಡಬೇಕು. ಸಣ್ಣ ಫೀ ತಗೋಬಹುದು, ಆದ್ರ ಕೊಡೂದಿಲ್ಲ ಅನ್ನಂಗಿಲ್ಲ. ಅದೂ ಅಲ್ಲದ ನಾಕೂ ಕಂಪನಿ ವರ್ಷಕ್ಕ ಒಮ್ಮೆ ಪೂರಾ ವರದಿ ಪುಕ್ಕಟೆ ಕೊಡಬೇಕು ಅಂತ 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ ಐತಿ. ಅವರ ವೆಬ್‌ಸೈಟಿನಾಗ ತಿಂಗಳಾ ರೊಕ್ಕ ಕಟ್ಟೋ ಯೋಜನಿನೂ ಇರ್ತಾವ, ಅದಕ್ಕ ಕೈ ಹಚ್ಚಬ್ಯಾಡ್ರಿ, ವರ್ಷದ ಪುಕ್ಕಟೆ ವರದಿ ಅಂತ ಬ್ಯಾರೆ ಕೊಂಡಿ ಇರತೈತಿ, ಅದನ್ನ ಹುಡುಕ್ರಿ. ಮಗಳು ಹುಡುಕಿ ತಗದಳು.

ವರದಿ ಓದೂದನ್ನ ಸ್ವಲ್ಪ ಸವಕಾಶ ಹೇಳ್ತೀನಿ, ಯಾಕಂದ್ರ ಪತ್ರದ ಜೀವ ಅಲ್ಲೇ ಐತಿ. ಮ್ಯಾಲಿನ ಭಾಗದಾಗ ಹೆಸರು, ಗುರುತಿನ ಕಾರ್ಡು, ಫೋನು, ವಿಳಾಸ ಇರ್ತಾವ. ನನ್ನ ನೆಗೆಣ್ಣಿ ಹೆಸರಿನ ಕೆಳಗ ಎರಡು ವೋಟರ್ ಕಾರ್ಡ್ ನಂಬರ್ ಇದ್ದವು, ಒಂದು ಈಕಿದು, ಒಂದು ಅಲ್ಲ. ಮೂರು ಫೋನ್ ನಂಬರ್, ಒಂದು ಗುರುತ ಇಲ್ಲದ್ದು. ವಿಳಾಸದಾಗ ಬೆಟಗೇರಿದೂ ಇತ್ತು, ಲಕ್ಷ್ಮೇಶ್ವರದ್ದೂ ಇತ್ತು. ಒಬ್ಬಾಕಿಗೆ ಎರಡು ವೋಟರ್ ನಂಬರ್, ಎರಡು ಊರು ಕಂಡ್ರ ಇಬ್ಬರ ದಾಖಲಿ ಕೂಡ್ಯಾವ ಅಂತ ತಿಳ್ಕೋಬೇಕು. ಕೆಳಗ ಒಂದೊಂದು ಸಾಲದ ಪಟ್ಟಿ: ಯಾರು ಕೊಟ್ಟಾರ, ಯಾವತ್ತು, ಎಷ್ಟು, ಎಷ್ಟು ದಿನ ಬಾಕಿ. ಆ ಸಾಲ ತಗದ ದಿನ ನೋಡಿದ್ರ, ಅವತ್ತು ಈಕಿ ಗದಗ ಆಸ್ಪತ್ರ್ಯಾಗ ಗರ್ಭಚೀಲದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು, ಬಿಡುಗಡೆ ಚೀಟಿ ಕಪಾಟಿನ್ಯಾಗ ಇತ್ತು.

ಒಂದು ಮಾತು ಇಲ್ಲೇ ಹೇಳಿ ಬಿಡ್ತೀನಿ. ಆ ಸಾಲದ ಹತ್ತರ ಇರೋ ವೋಟರ್ ನಂಬರು, ಫೋನು ನಿಮ್ಮದ ಇದ್ದು, ನೀವು ಸಾಲ ಮಾತ್ರ ತಗೊಂಡಿಲ್ಲ ಅಂದ್ರ ಅದು ದಾಖಲಿ ಕೂಡಿದ್ದಲ್ಲ. ನಿಮ್ಮ ಕಾಗದ ಇಟ್ಟು ಯಾರೋ ಮೋಸ ಮಾಡ್ಯಾರ. ಆವಾಗ ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಅದರ ನಕಲು ಪತ್ರಕ್ಕ ಹಚ್ಚಬೇಕು. ಸಂಘದ ಮುಖಂಡಿ ಕೈಗೆ ಜೆರಾಕ್ಸ್ ಮ್ಯಾಲ ಜೆರಾಕ್ಸ್ ಕೊಟ್ಟು ಬರೋ ತಂಗ್ಯಾರ, ಆ ಜೆರಾಕ್ಸ್ ಮ್ಯಾಲ ಇದು ಎದಕ್ಕ ಕೊಟ್ಟದ್ದು ಅಂತ, ತಾರೀಖು ಹಾಕಿ ಅಡ್ಡ ಬರದು ಕೊಡ್ರಿ.

ಈಗ ಪತ್ರದ ಮಾತು. ನನ್ನ ಮೈದುನ ಪಂಚಮಿ ಮುಂಚೇನ ಒಂದು ಪತ್ರ ಬರದು ಬ್ಯಾಂಕಿಗೆ ಕೊಟ್ಟು ಬಂದಿದ್ದ. ನಾವು ಸಾಲ್ಯಾಗ ಕಲತ ನಮೂನಿ: ಇಂದ, ಗೆ, ಮಾನ್ಯರೆ. "ಸಂಬಂಧಪಟ್ಟ ಅಧಿಕಾರಿಗಳಿಗೆ, ನಾವು ಬಡವರು, ದಯವಿಟ್ಟು ಸಿಬಿಲ್ ಸರಿ ಮಾಡಿಕೊಡಬೇಕಾಗಿ ವಿನಂತಿ." ಬ್ಯಾಂಕಿನವ್ರು ತಗೊಂಡು ಟೇಬಲ್ ಮ್ಯಾಲ ಇಟ್ಟುಕೊಂಡ್ರು. ಏನಾಗಬೇಕು? ಸಂಬಂಧಪಟ್ಟ ಅಧಿಕಾರಿ ಅಂದ್ರ ಯಾರೂ ಅಲ್ಲ. ಬಡವರು ಅಂದ್ರ ಅದು ಕಾರಣ ಅಲ್ಲ. ಶ್ರೀಮಂತರ ದಾಖಲಿ ತಪ್ಪಿದ್ರೂ ತಿದ್ದಬೇಕು, ಬಡವರದು ತಪ್ಪಿದ್ರೂ ತಿದ್ದಬೇಕು. ಇದು ದಯೆ ಕೇಳೋ ಜಾಗ ಅಲ್ರಿ, ಲೆಕ್ಕ ಕೇಳೋ ಜಾಗ. ನಾ ಪಿಯುಸಿ ತನಕ ಓದಿದಾಕಿ, ಕಾನೂನು ಓದಿದಾಕಿ ಅಲ್ಲ. ಆದ್ರ ಇಷ್ಟು ತಿಳೀತು: ಅಧಿಕಾರಿ ಹುದ್ದೆ ಮತ್ತ ಕಲಮು ಬರದ್ರ ಅವತ್ತಿಂದ ದಿನ ಎಣಿಕಿ ಶುರು ಆಕ್ಕೈತಿ. ಬರೀಲಿಲ್ಲಂದ್ರ ಅದು ಒಂದು ಹಾಳಿ ಅಷ್ಟ.

ಇನ್ನೊಂದು ತಪ್ಪು, ಮೈದುನ ಪತ್ರ ಕೊಟ್ಟದ್ದು ಸಾಲ ಕೇಳಿದ ಬ್ಯಾಂಕಿಗೆ. ಆ ಬ್ಯಾಂಕಿನ ಕೈಯಾಗ ಇದು ಇಲ್ಲ. ಅವ್ರು ಬರೇ ಓದಿದಾವ್ರು. ಬರದಾವ್ರು ಇಬ್ಬರು, ಲಕ್ಷ್ಮೇಶ್ವರದಾಗ ಸಾಲ ಕೊಟ್ಟ ಫೈನಾನ್ಸು ಮತ್ತ ಅದನ್ನ ಈಕಿ ಹೆಸರಿಗೆ ಜೋಡಿಸಿದ ಲೆಕ್ಕದ ಕಂಪನಿ. ಈ ಇಬ್ಬರ ಹೆಸರು ನಾ ಬರೆಯೂದಿಲ್ಲ. ಇಬ್ಬರೂ ಆಡಿದ ಆಟ ಹೇಳ್ತೀನಿ. ಫೈನಾನ್ಸಿಗೆ ಫೋನ್ ಮಾಡಿದ್ರ, "ನಮ್ಮ ಕಡೆ ನಿಮ್ಮ ಹೆಸರಿನ ಸಾಲ ಐತಿ, ಕಂಪನಿ ಕಡೆ ಕೇಳ್ರಿ." ಕಂಪನಿಗೆ ಫೋನ್ ಮಾಡಿದ್ರ, "ಅವ್ರು ಕಳಿಸಿದ್ದನ್ನ ನಾವು ಇಟ್ಟೇವಿ, ಅವರನ್ನ ಕೇಳ್ರಿ." ಹುಡುಗ್ರು ಚೆಂಡು ಆಡಿದಂಗ.

ಈ ಆಟ ಮುರಿಯಾಕ ಒಂದ ದಾರಿ. ಇಬ್ಬರಿಗೂ ಒಂದ ದಿನ, ಒಂದ ಪತ್ರ, ಒಬ್ಬರಿಗೆ ಬರದದ್ದು ಇನ್ನೊಬ್ಬರಿಗೆ ಗೊತ್ತಾಗೋ ಹಂಗ. ಅದ 21ನೇ ಕಲಮಿನ 3ನೇ ಉಪಕಲಮು ಇಬ್ಬರನ್ನೂ ಹಿಡೀತೈತಿ. ಕಂಪನಿಗಾದ್ರೂ ಸೈ, ಸಾಲ ಕೊಟ್ಟಾವ್ರಿಗಾದ್ರೂ ಸೈ, ತಿದ್ದುಪಡಿ ಕೇಳಿದ 30 ದಿನದಾಗ ಸರಿ ಮಾಡಾಕ ಕ್ರಮ ತಗೋಬೇಕು. 2023ರ ಅಕ್ಟೋಬರ್ 26ಕ್ಕ ರಿಸರ್ವ್ ಬ್ಯಾಂಕು ಇದಕ್ಕ ಹಲ್ಲು ಹಚ್ಚಿದ ಸುತ್ತೋಲೆ ತಗೀತು, 2024ರ ಏಪ್ರಿಲ್‌ದಿಂದ ಜಾರಿ ಆಗೈತಿ. 30 ದಿನ ದಾಟಿದ್ರ ದಾಟಿದ ಒಂದೊಂದು ದಿನಕ್ಕ 100 ರೂಪಾಯಿ ದೂರು ಕೊಟ್ಟಾಕಿಗೆ ಕೊಡಬೇಕು. ಆ 30 ದಿನದಾಗ ಮೊದಲ 21 ದಿನದೊಳಗ ಸಾಲ ಕೊಟ್ಟಾವ್ರು ಸರಿ ಮಾಹಿತಿ ಕಳಿಸಬೇಕು. ಅವ್ರು 21 ದಿನ ದಾಟಿಸಿದ್ರ ದಂಡ ಅವರದು. ಅವ್ರು ವ್ಯಾಳ್ಯಾಕ್ಕ ಕಳಿಸಿದ ಮ್ಯಾಲೂ ಕಂಪನಿ ತಡ ಮಾಡಿದ್ರ ದಂಡ ಕಂಪನಿದು. ಹಂಗಾಗಿ ಚೆಂಡು ಯಾರ ಅಂಗಳದಾಗ ನಿಂತೈತಿ ಅಂತ ದಿನ ಎಣಿಸಿ ಹೇಳಬಹುದು.

ಅಧಿಕಾರಿ ಯಾರು ಅಂತ ಹುಡುಕೂದು ಅಷ್ಟೇನು ಕಷ್ಟ ಇಲ್ಲ. ಫೈನಾನ್ಸ್ ಕಂಪನಿಯವ್ರು ಶಾಖೆ ಗೋಡಿಗೆ ಕುಂದುಕೊರತೆ ನಿವಾರಣಾ ಅಧಿಕಾರಿ ಹೆಸರು, ಫೋನು, ಮಿಂಚಂಚಿ ಬರದು ಹಚ್ಚಬೇಕು ಅಂತ ನಿಯಮ ಐತಿ. ಹಚ್ಚಿರ್ತಾರ, ಕ್ಯಾಲೆಂಡರ್ ಹಿಂದ ಮುಚ್ಚಿರತೈತಿ ಅಷ್ಟ. ಮೊಬೈಲಿನಾಗ ಫೋಟೋ ಹೊಡ್ಕೊಂಡು ಬರ್ರಿ. ಲೆಕ್ಕದ ಕಂಪನಿದು ವೆಬ್‌ಸೈಟಿನಾಗ ಕುಂದುಕೊರತೆ ಅಂತ ಇರೋ ಪುಟದಾಗ ನೋಡಲ್ ಅಧಿಕಾರಿ ಹೆಸರು ಸಿಗತೈತಿ. ಹೆಸರು ಬದಲಾಗ್ತಿರತೈತಿ, ಅದಕ್ಕ ಪತ್ರ ಬರಿಯೋ ದಿನ ನೋಡಿ, ಹೆಸರಿನ ಜೋಡಿ ಹುದ್ದೆನೂ ಬರೀರಿ.

ನಾವು ಬರದ ಪತ್ರ ಇದು. ಕಂಪನಿಗೆ ಇದನ್ನ ಇಂಗ್ಲೀಷಿಗೆ ಮಾಡಿಸಿ ಕಳಿಸಿದ್ವಿ, ಶಾಖೆಗೆ ಕನ್ನಡದಾಗ ಕೊಟ್ವಿ. ನಂಬರ್ ತಗದೀನಿ.

"ಗೆ: (1) ನೋಡಲ್ ಅಧಿಕಾರಿಗಳು, ಸಾಲ ಮಾಹಿತಿ ಕಂಪನಿ. (2) ಕುಂದುಕೊರತೆ ನಿವಾರಣಾ ಅಧಿಕಾರಿಗಳು, ಸಾಲ ನೀಡಿದ ಸಂಸ್ಥೆ. ದಿನಾಂಕ: 4-8-2025.

ವಿಷಯ: ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆ 2005ರ ಕಲಂ 21(3)ರ ಪ್ರಕಾರ ತಿದ್ದುಪಡಿಗಾಗಿ ಕೋರಿಕೆ.

ಇಂಥ ದಿನದ, ಇಂಥ ಸಂಖ್ಯೆಯ ನನ್ನ ವರದಿಯಲ್ಲಿ ಇಂಥ ಖಾತೆಯ 38,000 ರೂಪಾಯಿ ಸಾಲವನ್ನು ತೋರಿಸಲಾಗಿದೆ. ಈ ಸಾಲ ನನ್ನದಲ್ಲ. ವರದಿಯಲ್ಲಿರುವ ಎರಡನೆಯ ಮತದಾರರ ಗುರುತಿನ ಸಂಖ್ಯೆ, ಮೂರನೆಯ ಫೋನ್ ಸಂಖ್ಯೆ ಮತ್ತು ಲಕ್ಷ್ಮೇಶ್ವರದ ವಿಳಾಸ ನನ್ನವಲ್ಲ. ನನ್ನ ಮತ್ತು ಅದೇ ಹೆಸರಿನ ಬೇರೊಬ್ಬರ ದಾಖಲೆಗಳು ಒಂದಾಗಿವೆ. ನಾನು ಕೇಳುವುದು ಎರಡು. ಒಂದು, ಆ ಖಾತೆಯನ್ನೂ ಆ ಮೂರು ವಿವರಗಳನ್ನೂ ನನ್ನ ದಾಖಲೆಯಿಂದ ತೆಗೆದುಹಾಕಿ, ಎರಡೂ ದಾಖಲೆಗಳನ್ನು ಬೇರ್ಪಡಿಸಬೇಕು. ಎರಡು, ಸಾಲ ನೀಡಿದ ಸಂಸ್ಥೆಯು ತನ್ನ ಅರ್ಜಿಯಲ್ಲಿರುವ ಭಾವಚಿತ್ರ ಮತ್ತು ಸಹಿಯನ್ನು ಇದರೊಂದಿಗೆ ಲಗತ್ತಿಸಿದ ನನ್ನ ಭಾವಚಿತ್ರ ಮತ್ತು ಸಹಿಯೊಂದಿಗೆ ಹೋಲಿಸಿ ನೋಡಿ ದೃಢೀಕರಿಸಬೇಕು.

ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಿ. 30 ದಿನ ಮೀರಿದರೆ ರಿಸರ್ವ್ ಬ್ಯಾಂಕಿನ 26-10-2023ರ ಸುತ್ತೋಲೆಯಂತೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಈ ಕೆಳಗಿನ ಖಾತೆಗೆ ಜಮಾ ಮಾಡಬೇಕು."

ಕೆಳಗ ಬ್ಯಾಂಕ್ ಪಾಸ್‌ಬುಕ್ಕಿನ ನಂಬರ್, ಸಹಿ. ಹಚ್ಚಿದ್ದು ವೋಟರ್ ಕಾರ್ಡು, ಪ್ಯಾನು, ವರದಿಯ ಆ ಪುಟ, ಆಸ್ಪತ್ರಿ ಚೀಟಿ. ಪಾಸ್‌ಬುಕ್ ನಂಬರ್ ಮೊದಲ ಪತ್ರದಾಗನ ಬರೀರಿ. ಖಾತೆ ವಿವರ ಕೊಟ್ಟಿಲ್ಲ ಅಂತ ಆಮ್ಯಾಲ ರೊಕ್ಕ ತಡೀತಾರ. ಪತ್ರ ರಿಜಿಸ್ಟರ್ ಪೋಸ್ಟಿನಾಗ ಹಾಕಿದ್ವಿ. ಈಗ ಅದನ್ನ ಸ್ಪೀಡ್ ಪೋಸ್ಟಿನೊಳಗ ಕೂಡ್ಸ್ಯಾರ, ಕೌಂಟರಿನಾಗ ಮುಟ್ಟಿದ ರಶೀದಿ ಬೇಕು ಅಂತ ಕೇಳಿ ಮಾಡಿಸ್ರಿ. ಕಂಪನಿ ವೆಬ್‌ಸೈಟಿನಾಗೂ ಅವತ್ತ ದೂರು ಹಾಕಿ ನಂಬರ್ ತಗೊಂಡ್ವಿ. ಇದಕ್ಕ ಒಂದು ಪೈಸಾ ಫೀ ಇಲ್ಲ.

ಪತ್ರ ಬರಿಯೋ ಮುಂದ ನಮ್ಮ ಓಣ್ಯಾಗಿನ ಒಬ್ಬ ಹುಡುಗ, ಬೆಂಗಳೂರಾಗ ಕೆಲಸದಾಗ ಇದ್ದಾವ, "ಅತ್ತಿ, ಅದೆಲ್ಲಾ ಹಳೇದು, ಈಗ ಡೇಟಾ ರಕ್ಷಣೆ ಕಾಯ್ದೆ ಬಂದೈತಿ, ಅದರ 12ನೇ ಕಲಂ ಹಾಕ್ರಿ, ನನ್ನ ಎಲ್ಲಾ ಮಾಹಿತಿ ಅಳಿಸ್ರಿ ಅಂತ ಬರೀರಿ" ಅಂದ. ಹೇಳಿದ್ದು ಪೂರ್ತಿ ಸುಳ್ಳಲ್ಲ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಒಂಬತ್ತು ಮಂದಿ ನ್ಯಾಯಾಧೀಶರು ಕೂಡಿ 2017ರ ಆಗಸ್ಟ್ 24ಕ್ಕ ಹೇಳ್ಯಾರ. ಆ ದಾವೆ ಹಾಕಿದಾವ್ರು ನಮ್ಮ ರಾಜ್ಯದವ್ರ, ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯದಾಗ 2012ರಾಗ ಎಂಬತ್ತು ದಾಟಿದ ವಯಸ್ಸಿನ್ಯಾಗ ಕೋರ್ಟಿಗೆ ಹೋದ್ರು. ಅದರ ಹಿಂದ 2023ರಾಗ ಆ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 12ನೇ ಕಲಮಿನ್ಯಾಗ ತಿದ್ದಸೋ, ಅಳಿಸೋ ಹಕ್ಕು ಐತಿ. ಆದ್ರ ಕಾಯ್ದೆ ಪಾಸಾದ ಕೂಡಲೇ ಎಲ್ಲಾ ಕಲಮು ಜಾರಿ ಆಗೂದಿಲ್ಲ. ನಾವು ಪತ್ರ ಬರದಾಗ ಅದರ ನಿಯಮನ ಹೊಂಟಿರಲಿಲ್ಲ. 2025ರ ನವೆಂಬರಿನ್ಯಾಗ ಹೊಂಟ್ವು, ಈ ಹಕ್ಕಿನ ಕಲಮಿಗೆ ಹದಿನೆಂಟು ತಿಂಗಳ ಮುದ್ದತ್ತು ಇಟ್ಟಾರ, ಅಂದ್ರ 2027ರ ಮೇ. ಜಾರಿ ಆಗದ ಕಲಮು ಬರದ್ರ ಆ ಕಡೆಯಾವ ಒಂದು ಸಾಲು ಉತ್ತರ ಕೊಟ್ಟು ಮುಗಿಸ್ತಾನ.

ಎಲ್ಲಾ ಅಳಿಸ್ರಿ ಅನ್ನೂದೂ ತಪ್ಪು. ಸಾಲದ ಲೆಕ್ಕ ಕಳಿಸ್ಬೇಕು ಅಂತ ಕಾನೂನು ಐತಿ, ಖರೇ ಇದ್ದ ಸಾಲ, ಖರೇ ಇದ್ದ ಬಾಕಿ ಯಾರಿಗೂ ಅಳಸಾಕ ಬರೂದಿಲ್ಲ. ಮುಂಡರಗಿ ಬಸ್ ಸ್ಟ್ಯಾಂಡ್ ಕಡಿ, ನಮ್ಮ ಮಾರ್ಕೆಟ್ ಕಡಿ "ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ" ಅಂತ ಚೀಟಿ ಹಚ್ಚಿರ್ತಾರಲ್ಲ, ಐದು ಸಾವಿರ, ಎಂಟು ಸಾವಿರ ಕೇಳ್ತಾರ. ಖರೇ ಬಾಕಿ ಇದ್ರ ಅವರಿಂದ ಆಗೂದಿಲ್ಲ, ತಪ್ಪು ಬಾಕಿ ಇದ್ರ ಈ ಪತ್ರದಾಗ ಪುಕ್ಕಟೆ ಆಕ್ಕೈತಿ. ಮ್ಯಾಲ ನಿಮ್ಮ ಪ್ಯಾನು, ಒಟಿಪಿ ಅವರ ಕೈಯಾಗ. ಅದಕ್ಕ ನಾವು ಅಳಿಸ್ರಿ ಅಂತ ಕೇಳಿದ್ದು ನಮ್ಮದಲ್ಲದ ಒಂದು ಖಾತೆ, ಮೂರು ವಿವರ. ಅಷ್ಟ.

ಇನ್ನ ಏನಾತು ಕೇಳ್ರಿ. 18ನೇ ದಿನಕ್ಕ ಕಂಪನಿಯಿಂದ ಉತ್ತರ ಬಂತು: "ಸಾಲ ನೀಡಿದ ಸಂಸ್ಥೆ ಮಾಹಿತಿ ಸರಿ ಇದೆ ಎಂದು ಖಚಿತಪಡಿಸಿದೆ." ಕಾರಣ ಇಲ್ಲ, ಫೋಟೋ ನೋಡಿದ್ದು ಇಲ್ಲ. ನನ್ನ ನೆಗೆಣ್ಣಿ ಮತ್ತ ಅಳಾಕ ಹತ್ತಿದ್ಲು. ಕಟ್ಟಿ ಮ್ಯಾಲಿನ ಹಿರ್‍ಯಾರು "ನಾ ಅವತ್ತ ಹೇಳಿರಲಿಲ್ಲ?" ಅಂದ್ರು.

ಇಲ್ಲಿ ಕಾಯ್ದೆದ್ದ ಒಂದು ತೂತು ಐತಿ, ಅದನ್ನ ಮುಚ್ಚಿಟ್ಟು ಹೇಳಿದ್ರ ನಾ ನಿಮಗ ಮೋಸ ಮಾಡಿದಂಗ. ಅದ 21(3)ರ ಕೆಳಗ ಒಂದು ಷರತ್ತು: ಸಾಲ ಕೊಟ್ಟ ಸಂಸ್ಥೆ ಹೌದು ಇದು ಸರಿ ಅಂತ ದೃಢ ಮಾಡಿ ಕೊಟ್ಟ ಮ್ಯಾಲನ ಕಂಪನಿ ತಿದ್ದಬೇಕು. ಅಂದ್ರ ತಪ್ಪು ಮಾಡಿದಾವನ್ನ ಕರದು ತಪ್ಪು ಮಾಡಿಯೇನಪಾ ಅಂತ ಕೇಳೂದು, ಅವ ಇಲ್ಲ ಅಂದ್ರ ಇಲ್ಲ. ನಮ್ಮ ಕಡಿ ಎಷ್ಟ ಪುರಾವೆ ಇದ್ರೂ ಕಂಪನಿ ತಾನ ನೋಡಿ ತಿದ್ದಂಗಿಲ್ಲ. ಯಾವನೋ ಕಂಡಕಂಡಾವ ಬಂದು ನನ್ನ ಬಾಕಿ ಅಳಿಸ್ರಿ ಅಂದ್ರ ಅಳಸಬಾರದು, ಅದಕ್ಕ ಈ ಷರತ್ತು ಇಟ್ಟಾರ ಅಂತ ತಿಳೀತೈತಿ. ಆದ್ರ ವೋಟರ್ ನಂಬರ್ ಎರಡು ಅದಾವ ಅನ್ನೂದು ಕಂಪನಿ ಕಣ್ಣಿಗೇ ಕಾಣೂದಲ್ಲ? ಅದಕ್ಕೂ ಫೈನಾನ್ಸಿನವನ ಸಹಿ ಯಾಕ ಬೇಕು? ಈ ಷರತ್ತು ಬದಲಾಗಬೇಕು ಅಂತ ನಾ ಹೇಳ್ತೀನಿ. ಒಬ್ಬರ ಹೆಸರಿನ ಕೆಳಗ ಎರಡು ಗುರುತಿನ ನಂಬರ್ ಕಂಡ ದಿನನ ಆ ಸಾಲದ ಮುಂದ "ತಕರಾರು ಐತಿ" ಅಂತ ದಪ್ಪ ಅಕ್ಷರದಾಗ ಬರೀಲಿ, ಬ್ಯಾಂಕಿನವ್ರು ಅದನ್ನ ಲೆಕ್ಕಕ್ಕ ಹಿಡೀದಿರಲಿ.

ಹ್ವಾದ ವರ್ಷ ಫೆಬ್ರವರ್‍ಯಾಗ ನಮ್ಮ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳಕ್ಕ ಸುಗ್ರೀವಾಜ್ಞೆ ತಗೀತು, ಅದರಾಗ ಏನರ ಸಿಗತೈತೇನು ಅಂತ ಕೆಲವ್ರು ಕೇಳಿದ್ರು. ಅದು ಮನಿ ಮುಂದ ಬಂದು ಕಾಡೂದಕ್ಕ. ಅದೂ ರಿಸರ್ವ್ ಬ್ಯಾಂಕಿನಾಗ ನೋಂದಣಿ ಆದ ಸಂಸ್ಥೆಗೆ ಅದು ಹತ್ತೂದಿಲ್ಲ. ದಾಖಲಿ ತಿದ್ದಾಕ ಇದ 2005ರ ಕಾಯ್ದೆ.

ಗಣೇಶ ಚೌತಿ ಹಿಂದಿನ ದಿನ, ಮನ್ಯಾಗ ಕಡುಬಿನ ಕೆಲಸ ಬಿಟ್ಟು ನಾವಿಬ್ಬರೂ ಲಕ್ಷ್ಮೇಶ್ವರದ ಬಸ್ ಹತ್ತಿದ್ವಿ. ಶಾಖೆಯಾಗಿನ ಹುಡುಗ ಮೊದಲು "ಮೇಲಿನ ಆಫೀಸಿಗೆ ಬರೀರಿ" ಅಂದ. ನಾನು ಪತ್ರದ ನಕಲು ಟೇಬಲ್ ಮ್ಯಾಲ ಇಟ್ಟು, "ತಮ್ಮಾ, ಮೇಲಿನ ಆಫೀಸಿಗೆ ಬರದ ಇವತ್ತಿಗೆ 22 ದಿನ. ನಿಮಗ ಇದ್ದದ್ದು 21. ನೀ ಫೈಲ್ ತಗದು ಫೋಟೋ ನೋಡು, ಆಮ್ಯಾಲ ಇಕಿ ಮಾರಿ ನೋಡು" ಅಂದೆ. ಮ್ಯಾನೇಜರ್ ಬಂದು ತಾವ ಫೈಲ್ ತಗದು ನೋಡಿದ್ರು. ನಮಗ ತೋರಸಲಿಲ್ಲ, ತೋರಸಬಾರದು ಕೂಡ, ಆಕಿ ಕಾಗದ ನಾವ್ಯಾಕ ನೋಡಬೇಕು. ಫೋಟೋ ನೋಡಿದ್ರು, ನನ್ನ ನೆಗೆಣ್ಣಿನ ನೋಡಿದ್ರು. "ಇವ್ರು ಅಲ್ರಿ" ಅಂದ್ರು. ಅರ್ಜ್ಯಾಗ ಆಕಿದು ಹೆಬ್ಬಟ್ಟು, ಈಕಿ ಏಳನೇತ್ತೆ ಓದಿದಾಕಿ, ಸಹಿ ಮಾಡ್ತಾಳ. ಈ ಒಂದು ನೋಟ ಮೊದಲ 18 ದಿನದಾಗ ಯಾರೂ ನೋಡಿರಲಿಲ್ಲ. ಅಲ್ಲೇ ಒಂದು ಹಾಳಿ ಮ್ಯಾಲ, ಈ ಸಾಲ ಇವರದಲ್ಲ ಅಂತ ಬರಸಿಕೊಂಡು ಸಿಕ್ಕಾ ಹಾಕಿಸಿಕೊಂಡ್ವಿ. ಬಾಯಿಮಾತಿನ "ಮಾಡಿಕೊಡ್ತೀವಿ"ಗೆ ಎದ್ದು ಬರಬ್ಯಾಡ್ರಿ.

ಆದ್ರೂ ಅವರ ಮೇಲಿನ ಆಫೀಸಿನಿಂದ ಕಂಪನಿಗೆ ತಿದ್ದಿದ ಮಾಹಿತಿ ಹೋದದ್ದು ಸೆಪ್ಟೆಂಬರ್ 15ಕ್ಕ, ಕಂಪನಿ ಬ್ಯಾರೆ ಮಾಡಿದ್ದು 20ಕ್ಕ. ಆಗಸ್ಟ್ 4ರಿಂದ ಎಣಿಸಿದ್ರ 47 ದಿನ. 30 ಕಳದ್ರ 17. ಅಂದ್ರ 1,700 ರೂಪಾಯಿ, ಕೊಡಬೇಕಾದಾವ್ರು ಫೈನಾನ್ಸಿನವ್ರು, 21 ದಿನ ದಾಟಿಸಿದ್ದು ಅವರ. ದೂರು ಮುಗದ ಐದು ಕೆಲಸದ ದಿನದಾಗ ಖಾತೆಗೆ ಬೀಳಬೇಕು ಅಂತ ನಿಯಮ. ಬೀಳಲಿಲ್ಲ. ಕೇಳಿದ್ರ, "ನೀವು ಶಾಖೆಗೆ ಬಂದದ್ದು ಆಗಸ್ಟ್ 26ಕ್ಕ, ಅಲ್ಲಿಂದ ಎಣಿಸಿದ್ರ 30 ದಿನ ಆಗಿಲ್ಲ" ಅಂದ್ರು. ಸುತ್ತೋಲೆಯಾಗ ಮೊದಲು ದೂರು ಕೊಟ್ಟ ದಿನದಿಂದ ಅಂತ ಐತಿ. ಪೋಸ್ಟಿನ ರಶೀದಿ, ವೆಬ್‌ಸೈಟಿನ ದೂರು ನಂಬರ್ ಹಚ್ಚಿ ಎರಡನೇ ಪತ್ರ ಬರದ್ವಿ. ಕೊನೀಗೆ ಒಂದ ಸಾಲು: ಕೊಡದಿದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮ್ಯಾಲ ದೂರು ಹಾಕ್ತೀವಿ. ಅದಕ್ಕ ವಕೀಲ ಬೇಡ, ಫೀ ಇಲ್ಲ, ಸಂಸ್ಥೆಗೆ ಬರದು 30 ದಿನ ಆಗಿರಬೇಕು ಅಷ್ಟ. ತಿಳೀಲಿಲ್ಲಂದ್ರ 14448ಕ್ಕ ಫೋನ್ ಹಚ್ಚಿ ಕೇಳಬಹುದು. ಹತ್ತು ದಿನದಾಗ 1,700 ಬಂತು.

1,700 ಬಂತು ಅಂತ ನಾ ಹಿಗ್ಗಿಲ್ಲ. ಆ 47 ದಿನ ಕಾಲೇಜಿನವ್ರು ಕಾಯಲಿಲ್ಲ. ಫೀ ಕಟ್ಟಾಕ ಆಕಿ ಪಾಟ್ಲಿ ಒತ್ತಿ ಇಟ್ಟಾಳ, ಅದರ ಬಡ್ಡಿ ದಿನಕ್ಕ ನೂರು ರೂಪಾಯಿದಾಗ ತೀರೂದಿಲ್ಲ. ಮೊದಲ 30 ದಿನಕ್ಕಂತೂ ಏನೂ ಇಲ್ಲ, ಆ ಒಂದು ತಿಂಗಳು ಅವರಿಗೆ ಪುಕ್ಕಟೆ. ತಪ್ಪು ಅವರದು, ಬಸ್ ಚಾರ್ಜು, ಪೋಸ್ಟು, ಜೆರಾಕ್ಸು, ಒತ್ತಿ ಬಡ್ಡಿ ನಮ್ಮದು. ದಂಡ ತಪ್ಪು ಸಿಕ್ಕ ದಿನದಿಂದ ಶುರು ಆಗಬೇಕು, ತಡ ಆದ ದಿನದಿಂದ ಅಲ್ಲ.

ಮತ್ತ ಆ ಲಕ್ಷ್ಮೇಶ್ವರದಾಕಿ? ಆಕಿ ಫೋನು, ಆಕಿ ವಿಳಾಸ, ಆಕಿ ಬಾಕಿ ಇಷ್ಟು ದಿನ ನಮ್ಮ ಕೈಯಾಗ ಇತ್ತು. ಆಕಿಗೆ ಅದು ಗೊತ್ತ ಇಲ್ಲ. ಕಟ್ಟಿ ಮ್ಯಾಲೆ ಯಾರೋ "ಆ ನಂಬರಿಗೆ ಫೋನ್ ಮಾಡಿ ಬೈರಿ" ಅಂದ್ರು. ಆಕಿ ನಮಗೇನು ಮಾಡ್ಯಾಳ? ಆಕಿನೂ ಜೂನ್ 1ಕ್ಕ ಹುಟ್ಟಿದಾಕಿ. ವರದಿಯ ಆ ಪುಟ ನಾವು ಸುಟ್ಟು ಬಿಟ್ವಿ.

ನಾವು ಮಾಡಿದ ಒಂದು ತಪ್ಪು ಹೇಳ್ತೀನಿ. ಅವತ್ತು ನಾಕರಾಗ ಒಂದ ಕಂಪನಿ ವರದಿ ನೋಡಿದ್ವಿ, ಬ್ಯಾಂಕು ತೋರಿಸಿದ್ದು. ತಿದ್ದಿದ್ದನ್ನ ಫೈನಾನ್ಸಿನವ್ರು ನಾಕಕ್ಕೂ ಕಳಿಸ್ಬೇಕು, ಕಳಿಸಿರ್ತಾರ ಅಂತ ಸುಮ್ಮನಿದ್ವಿ. ಈ ವರ್ಷದ ಪುಕ್ಕಟೆ ವರದಿ ನಾಕೂ ತಗದು ನೋಡಿದ್ರ ಮೂರರಾಗ ಸಾಫ್ ಐತಿ, ಒಂದರಾಗ ಅದ 38 ಸಾವಿರ ಹಂಗ ಕುಂತೈತಿ. ಮ್ಯಾನೇಜರ್ ಬರದ ಹಾಳಿ ಹಚ್ಚಿ ಮತ್ತೊಮ್ಮೆ ಇಬ್ಬರಿಗೂ ಪತ್ರ ಹಾಕೇವಿ. ಇವತ್ತಿಗೆ 12ನೇ ದಿನ.